ಪರಿಚಯ ಮಾಡಿಸುವ ಮೊದಲು ಇಬ್ಬರನ್ನೂ ಕೇಳಿ

"ನನಗೆ ಗೊತ್ತಿರುವ ಯುವ ಆರ್ಕಿಟೆಕ್ಟ್ ಒಬ್ಬರು ಇಲ್ಲಿ ಮಣ್ಣಿನ ಗೋಡೆಯ ಹಳೇ ಮನೆ ದುರಸ್ತಿ ಮಾಡಿಸುತ್ತಿದ್ದಾರೆ. ಅನುಭವವಿರುವ ಎಂಜಿನಿಯರ್ ಯಾರಾದರೂ ಇದ್ದರೆ ಪರಿಚಯ ಮಾಡಿಸಿ ಎಂದರು. ಮೈಸೂರಿನಲ್ಲಿ ನನಗೆ ಪರಿಚಯದ ಎಂಜಿನಿಯರ್ ಒಬ್ಬರು ಇದ್ದಾರೆ. ಇಬ್ಬರನ್ನೂ ಸೇರಿಸಿ ವಾಟ್ಸಾಪ್ ಗ್ರೂಪ್ ಮಾಡಿದರೆ ಸಾಕಲ್ವಾ?"
– ಓದುಗರೊಬ್ಬರು, ಧಾರವಾಡ

ಗ್ರೂಪ್ ಈಗಲೇ ಬೇಡ. ಗ್ರೂಪ್ ಮಾಡಿದ ಕೂಡಲೇ ಒಬ್ಬರ ನಂಬರ್ ಇನ್ನೊಬ್ಬರಿಗೆ ಸಿಕ್ಕಿಬಿಡುತ್ತದೆ. ಎಂಜಿನಿಯರ್‌ಗೆ ಇಷ್ಟವಿಲ್ಲದಿದ್ದರೆ ಆರ್ಕಿಟೆಕ್ಟ್ ಎದುರಿಗೇ "ಆಗೋದಿಲ್ಲ" ಅನ್ನಬೇಕು. ಅದು ಕಷ್ಟ. ಹಾಗಾಗಿ ಸುಮ್ಮನಿದ್ದುಬಿಡುತ್ತಾರೆ, ಇವರು ಕಾಯುತ್ತಾ ಕೂರುತ್ತಾರೆ.

ಮೊದಲು ಆರ್ಕಿಟೆಕ್ಟ್ ಕೈಲಿ ನಾಲ್ಕು ಸಾಲು ಬರೆಸಿಕೊಳ್ಳಿ. ತೊಡಕು ಏನು, ಎಷ್ಟು ಹೊತ್ತು ಮಾತಾಡಬೇಕು, ಫೀಸ್ ಕೊಡುತ್ತಾರಾ, ಇಷ್ಟು ಗೊತ್ತಾದರೆ ಸಾಕು. ಫೀಸಿನ ವಿಷಯ ಕೇಳೋಕೆ ಸಂಕೋಚ ಬೇಡ. ಬರೀ ಒಂದು ಫೋನ್ ಅಂತ ಶುರುವಾಗಿದ್ದು ಸೈಟಿಗೆ ಓಡಾಡುವವರೆಗೆ ಹೋಗುತ್ತದೆ ಅನ್ನುವ ಅಳುಕು ಅನುಭವಸ್ಥರಿಗೆ ಇದ್ದೇ ಇರುತ್ತದೆ. ಎಂಜಿನಿಯರ್ ಹೆಸರನ್ನು ಮಾತ್ರ ಈಗಲೇ ಹೇಳಬೇಡಿ.

ಆಮೇಲೆ ಎಂಜಿನಿಯರ್‌ಗೆ ಬೇರೆಯಾಗಿ ಹೀಗೆ ಬರೆಯಿರಿ:

"ಸರ್, ನಮಸ್ಕಾರ. ನನಗೆ ಗೊತ್ತಿರುವ ಆರ್ಕಿಟೆಕ್ಟ್ ಒಬ್ಬರು ಧಾರವಾಡದಲ್ಲಿ ಹಳೇ ಮನೆ ರಿಪೇರಿ ಮಾಡಿಸುತ್ತಿದ್ದಾರೆ. ಮಣ್ಣಿನ ಗೋಡೆ ಒಂದು ಕಡೆ ಹೊಟ್ಟೆ ಬಿಟ್ಟಿದೆ. ಕೆಡವಬೇಕಾ, ಉಳಿಸಬಹುದಾ ಅಂತ ಅವರಿಗೆ ತೋಚುತ್ತಿಲ್ಲ. ನೀವು ಇಂಥ ಗೋಡೆಗಳ ಕೆಲಸ ಮಾಡಿದ್ದೀರಲ್ಲ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಫೋನಿನಲ್ಲಿ 20 ನಿಮಿಷ ಸಾಕಂತೆ. ಸೈಟಿಗೆ ಬರಬೇಕಾದರೆ ಫೀಸ್ ಕೊಡುತ್ತಾರೆ. ನಿಮ್ಮ ಹೆಸರು, ನಂಬರ್ ಅವರಿಗೆ ಕೊಟ್ಟಿಲ್ಲ. ಆಗದಿದ್ದರೆ 'ಬೇಡ' ಅಂದರೆ ಸಾಕು, ಕಾರಣ ಹೇಳಬೇಕಿಲ್ಲ. ಭಾನುವಾರದೊಳಗೆ ಉತ್ತರ ಬರದಿದ್ದರೆ ಬೇರೆಯವರನ್ನು ಕೇಳುತ್ತೇನೆ."

ಕೊನೆಯ ಮೂರು ಸಾಲು ಬಿಡಲೇಬೇಡಿ. ತನ್ನ ಹೆಸರು ಅಲ್ಲಿಗೆ ಹೋಗಿಲ್ಲ ಅಂತ ಗೊತ್ತಾದರೆ ಅವರು ನಿರಾಳವಾಗಿ ಬೇಡ ಅನ್ನಬಹುದು. ಗಡುವು ಇದ್ದರೆ ಸುಮ್ಮನಿರುವುದೂ ಒಂದು ಉತ್ತರವಾಗುತ್ತದೆ. (ಮಳೆಗಾಲವಾದರೆ ಎರಡೇ ದಿನದ ಗಡುವು ಕೊಡಿ. ನೆನೆದ ಮಣ್ಣಿನ ಗೋಡೆಗೆ ಬಲ ಇರುವುದಿಲ್ಲ.) "ನೋಡೋಣ" ಅಂತ ಬಂದರೂ ಬೇಡ ಅಂತಲೇ ತಿಳಿಯಿರಿ, ಮತ್ತೆ ನೆನಪಿಸಬೇಡಿ. ಆರ್ಕಿಟೆಕ್ಟ್‌ಗೆ "ಸದ್ಯಕ್ಕೆ ಯಾರೂ ಸಿಗಲಿಲ್ಲ" ಅಂದರೆ ಆಯಿತು.

ಎಂಜಿನಿಯರ್ ಒಪ್ಪಿದರೆ ಹೆಸರು ಹೇಳಬಹುದಾ ಅಂತ ಅವರನ್ನೇ ಕೇಳಿ, ಆಮೇಲೆ ಆರ್ಕಿಟೆಕ್ಟ್‌ಗೆ ಹೇಳಿ. ಅವರಿಗೂ ಬೇಡ ಅನ್ನಲು ಅವಕಾಶ ಇರಲಿ. ಅಷ್ಟರಲ್ಲಿ ಮನೆಯವರೇ ಇನ್ನೊಬ್ಬರನ್ನು ಗೊತ್ತುಮಾಡಿರಬಹುದು.

ಇಬ್ಬರೂ ಹೂಂ ಅಂದ ಮೇಲೆ ಗ್ರೂಪ್ ಮಾಡಿ. ಯಾರು ಯಾರು ಅಂತ ಒಂದೊಂದು ಸಾಲು ಬರೆದು, ಮೊದಲು ಆರ್ಕಿಟೆಕ್ಟೇ ಬರೆಯುತ್ತಾರೆ ಅಂತ ಹೇಳಿ. ಅವರು ಅದೇ ದಿನ ಗೋಡೆಯ ಫೋಟೊ ಹಾಕಿ, ಯಾವಾಗ ಫೋನ್ ಮಾಡಲಿ ಅಂತ ಕೇಳಲಿ. ಮಾತು ಶುರುವಾದ ಮೇಲೆ ನೀವು ಹೇಳಿ ಹೊರಬನ್ನಿ. ನಿಮ್ಮೆದುರು ಫೀಸ್ ಮಾತಾಡುವುದು ಇಬ್ಬರಿಗೂ ಮುಜುಗರ.

– ಸಂಪಾದಕ