ಒಟ್ಟು ಲೆಕ್ಕ ಸರಿ, ಬೆಳಗಿನ ಲೆಕ್ಕ ತಪ್ಪು

ಪ್ರಶ್ನೆ: ನಮ್ಮ ಕ್ರಿಕೆಟ್ ಟೂರ್ನಿಯಲ್ಲಿ ಭಾನುವಾರ ಎರಡು ಮೈದಾನಗಳಲ್ಲೂ 8, 10, 12, 2 ಮತ್ತು 4 ಗಂಟೆಗೆ ಪಂದ್ಯಗಳಿವೆ. ಪಂದ್ಯಕ್ಕೆ ಇಬ್ಬರು ಅಂಪೈರ್‌ಗಳು ಬೇಕು. ಇರುವವರು 8 ಮಂದಿ, ಅವರಲ್ಲಿ ಮೂವರು ಬರುವುದೇ ಮಧ್ಯಾಹ್ನ 2ಕ್ಕೆ. ಒಬ್ಬರಿಗೆ ದಿನಕ್ಕೆ ಹೆಚ್ಚೆಂದರೆ 3 ಪಂದ್ಯ, ಅದರಲ್ಲೂ ಒಂದರ ಹಿಂದೆ ಒಂದರಂತೆ ಎರಡೇ ಅಂತ ನಿಯಮ ಮಾಡಿದ್ದೇವೆ. ಒಬ್ಬರ ಮಗ 10 ಗಂಟೆಯ ಪಂದ್ಯದಲ್ಲಿ ಆಡುತ್ತಾನೆ. ಲೆಕ್ಕ ಹಾಕಿದರೆ ಸಾಕಾಗುತ್ತದೆ, ಪಟ್ಟಿ ಮಾಡಲು ಕೂತರೆ ಹೊಂದುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನೀವು ಇಡೀ ದಿನಕ್ಕೆ ಲೆಕ್ಕ ಹಾಕಿದ್ದೀರಿ. 10 ಪಂದ್ಯಕ್ಕೆ 20 ಪಾಳಿ ಬೇಕು; 8 ಮಂದಿ ಮೂರು ಮೂರು ನಿಂತರೆ 24. ನಾಲ್ಕು ಉಳಿದಂತೆ ಕಾಣುತ್ತದೆ. ಆದರೆ ಬೆಳಗಿನ ಮೂರು ಹೊತ್ತನ್ನು ಮಾತ್ರ ಬೇರೆ ಮಾಡಿ ನೋಡಿ. 8, 10, 12ಕ್ಕೆ ಸೇರಿ 12 ಪಾಳಿ ಬೇಕು, ಆಗ ಇರುವವರು ಐವರೇ. ಸಾಲಾಗಿ ಮೂರು ನಿಲ್ಲುವಂತಿಲ್ಲವಾದ್ದರಿಂದ ಈ ಮೂರು ಹೊತ್ತಿನಲ್ಲಿ ಒಬ್ಬರು ನಿಲ್ಲಬಹುದಾದದ್ದು ಎರಡೇ ಪಾಳಿ. ಐವರಿಂದ ಸಿಗುವುದು 10. ಎರಡು ಪಾಳಿ ಕಡಿಮೆಯೇ, ಹೆಸರುಗಳನ್ನು ಎಷ್ಟು ಅದಲು ಬದಲು ಮಾಡಿದರೂ ಅದು ತುಂಬುವುದಿಲ್ಲ. ಮಧ್ಯಾಹ್ನ ಉಳಿಯುವ ಪಾಳಿಗಳು ಬೆಳಗಿನ ಕೊರತೆಗೆ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಹೆಸರು ಬರೆಯುವ ಮೊದಲೇ ಅಂಪೈರ್‌ಗಳು ಕಡಿಮೆ ಇರುವ ಹೊತ್ತುಗಳನ್ನು ಗುಂಪಾಗಿ ಹಿಡಿದು ಹೀಗೆ ಎಣಿಸಬೇಕು.

ಇದಕ್ಕೆ ದಾರಿ ಎರಡು. ಬೆಳಿಗ್ಗೆ ಬರಬಲ್ಲ ಇನ್ನೊಬ್ಬ ಅಂಪೈರ್ ಸಿಕ್ಕರೆ 12ಕ್ಕೆ 12 ಸರಿಹೋಗುತ್ತದೆ. ಸಿಗದಿದ್ದರೆ, ಬೆಳಕಿನ ವ್ಯವಸ್ಥೆ ಇದ್ದ ಪಕ್ಷದಲ್ಲಿ, 12 ಗಂಟೆಯ ಒಂದು ಪಂದ್ಯವನ್ನು ಸಂಜೆ 6ಕ್ಕೆ ತಳ್ಳಿ. ಮೊದಲನೆಯದೇ ಒಳ್ಳೆಯದು. ಇಬ್ಬರನ್ನು ಒಪ್ಪಿಸಿ ಸಾಲಾಗಿ ಮೂರು ನಿಲ್ಲಿಸಿದರೂ ಲೆಕ್ಕ ಕೂಡುತ್ತದೆ, ಆದರೆ ಆರು ತಾಸು ಬಿಸಿಲಲ್ಲಿ ನಿಂತವರ ಕಣ್ಣು ದಣಿಯುವುದು ಮೂರನೇ ಪಂದ್ಯದ ಕೊನೆಯ ಓವರ್‌ಗಳಲ್ಲಿ, ತಕರಾರು ಹೆಚ್ಚುವುದೂ ಅಲ್ಲೇ.

ಆರನೆಯವರು ಸಿಕ್ಕರು ಎಂದುಕೊಳ್ಳಿ. ಬೆಳಗಿನ ಆರು ಮಂದಿಯನ್ನು ಮೂರು ಜೋಡಿ ಮಾಡಿ. ಒಂದನೇ ಜೋಡಿಗೆ 8 ಮತ್ತು 10, ಎರಡನೇ ಜೋಡಿಗೆ 8 ಮತ್ತು 12, ಮೂರನೇ ಜೋಡಿಗೆ 10 ಮತ್ತು 12. ಪ್ರತಿ ಹೊತ್ತಿಗೂ ನಾಲ್ವರು ಸಿಗುತ್ತಾರೆ, ಇಬ್ಬರಿಗೆ ಬಿಡುವು. ಮಗ ಆಡುವವರನ್ನು ಎರಡನೇ ಜೋಡಿಗೆ ಹಾಕಿ, 10 ಗಂಟೆಗೆ ಅವರು ಹೊರಗಿರುತ್ತಾರೆ. ಹಲವರು ಅಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಮಗನ ತಂಡದ ಗುಂಪಿನಲ್ಲೇ ಇರುವ ಬೇರೆ ಎರಡು ತಂಡಗಳ ಪಂದ್ಯಕ್ಕೂ ತಂದೆ ನಿಲ್ಲಬಾರದು, ಏಕೆಂದರೆ ಆ ಫಲಿತಾಂಶದಿಂದಲೂ ಮಗನ ತಂಡ ಮುಂದೆ ಹೋಗಬಹುದು, ಹೊರಬೀಳಲೂಬಹುದು. 8 ಮತ್ತು 12ಕ್ಕೆ ಬೇರೆ ಗುಂಪಿನ ಪಂದ್ಯವಿರುವ ಮೈದಾನ ಅವರಿಗಿರಲಿ.

ಮಧ್ಯಾಹ್ನ 2 ಮತ್ತು 4ಕ್ಕೆ ಬೇಕಾದದ್ದು 8 ಪಾಳಿ. ಹೊಸದಾಗಿ ಬಂದ ಮೂವರು ಎರಡೂ ಹೊತ್ತು ನಿಂತರೆ 6. ಉಳಿದ ಎರಡು, ಹೊತ್ತಿಗೊಂದರಂತೆ, ಬೆಳಗಿನವರಿಗೆ ಮೂರನೇ ಪಾಳಿಯಾಗಿ ಬರುತ್ತವೆ. 2 ಗಂಟೆಗೆ ಒಂದನೇ ಜೋಡಿಯವರೊಬ್ಬರನ್ನು ಕರೆಯಿರಿ, 12ಕ್ಕೆ ಅವರಿಗೆ ಬಿಡುವಿತ್ತು. 4 ಗಂಟೆಗೆ ಮೂರನೇ ಜೋಡಿಯವರೊಬ್ಬರು, ಅವರು ಕಾಯಬೇಕಾದದ್ದು ಒಂದೇ ಹೊತ್ತು. ಇದನ್ನು ತಿರುವುಮುರುವು ಮಾಡಿದರೆ ಒಬ್ಬರು ಸಾಲಾಗಿ ಮೂರು ನಿಲ್ಲುತ್ತಾರೆ, ಇನ್ನೊಬ್ಬರು ಬೆಳಗಿನ ಪಂದ್ಯ ಮುಗಿಸಿ 4ರವರೆಗೆ ಸುಮ್ಮನೆ ಕೂರುತ್ತಾರೆ. ಆ ಇಬ್ಬರು ಯಾರು ಅನ್ನುವುದನ್ನು ಶನಿವಾರದ ಪಟ್ಟಿ ನೋಡಿ ನಿರ್ಧರಿಸಿ: ಅಂದು ಕಡಿಮೆ ನಿಂತವರಿಗೆ ಇಂದು ಮೂರನೆಯದು. ಮಧ್ಯಾಹ್ನದವು ನಾಕೌಟ್ ಪಂದ್ಯಗಳಾದರೆ ತಂದೆಯನ್ನು ಅವಕ್ಕೆ ಬರೆಯಲೇಬೇಡಿ. ಪಟ್ಟಿ ಮಾಡುವಾಗ ಯಾವ ತಂಡ ಬರುತ್ತದೆಂದು ಗೊತ್ತಿರುವುದಿಲ್ಲ.

ಸ್ಪ್ರೆಡ್‌ಶೀಟ್‌ನಲ್ಲಿ ಅಂಪೈರ್‌ಗೆ ಒಂದು ಸಾಲು, ಹೊತ್ತಿಗೆ ಒಂದು ಕಾಲಂ ಇಡಿ. ಚೌಕದಲ್ಲಿ ಮೈದಾನದ ಸಂಖ್ಯೆ 1 ಅಥವಾ 2 ಮಾತ್ರ ಬರೆಯಿರಿ, ಬರಲಾಗದ ಹೊತ್ತಿಗೆ 'ಇಲ್ಲ' ಎಂದು. ಒಬ್ಬರಿಗೆ ಒಂದು ಹೊತ್ತಿಗೆ ಒಂದೇ ಚೌಕ ಇರುವುದರಿಂದ ಒಂದೇ ಹೊತ್ತಿಗೆ ಎರಡು ಮೈದಾನಕ್ಕೆ ಅವರ ಹೆಸರು ಬೀಳುವುದಿಲ್ಲ. ಒಂಬತ್ತು ಮಂದಿಯ ಸಾಲುಗಳ ಕೆಳಗೆ ಇವೆರಡನ್ನು ಹಾಕಿ, ಪ್ರತಿ ಕಾಲಂನಲ್ಲೂ ಎರಡಕ್ಕೂ ಉತ್ತರ 2 ಬರಬೇಕು:

```
=COUNTIF(B2:B10,1)
=COUNTIF(B2:B10,2)
```

ಈ ಪಟ್ಟಿ ಬೆಳಿಗ್ಗೆ ಬಿಗಿಯಾಗಿಯೇ ಇರುತ್ತದೆ. ಆರರಲ್ಲಿ ಒಬ್ಬರು ಬಾರದಿದ್ದರೆ ಮತ್ತೆ ಎರಡು ಪಾಳಿ ಕಡಿಮೆ. ಆಗ ಯಾವ 12 ಗಂಟೆಯ ಪಂದ್ಯ ಸಂಜೆಗೆ ಹೋಗುತ್ತದೆಂದು ಶನಿವಾರ ರಾತ್ರಿಯೇ ತೀರ್ಮಾನಿಸಿ, ಆ ಎರಡು ತಂಡಗಳಿಗೂ ಹೇಳಿಡಿ.