ಸುಳ್ಳು ಬರೆಯದೆ ರೆಸ್ಯೂಮ್ ತಿದ್ದಿದ ಒಂದು ಉದಾಹರಣೆ

ಪ್ರಶ್ನೆ: ಮೂರು ವರ್ಷದಿಂದ ಸಪೋರ್ಟ್ ಎಂಜಿನಿಯರ್ ಆಗಿದ್ದೇನೆ. ಎಷ್ಟು ಕಡೆ ಅಪ್ಲೈ ಮಾಡಿದರೂ ಕರೆ ಬರುತ್ತಿಲ್ಲ. ಇಲ್ಲದ್ದನ್ನು ಸೇರಿಸದೆ, ರೆಸ್ಯೂಮ್ ಅನ್ನು ಜಾಬ್ ಪೋಸ್ಟಿಂಗ್‌ಗೆ ಹೊಂದುವ ಹಾಗೆ ಬರೆಯುವುದು ಹೇಗೆ? ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಅಂತ ತೋರಿಸಿ.

ಉತ್ತರ: ನನ್ನ ತಂಡದ ಕಿರಿಯ ಸಹೋದ್ಯೋಗಿಯೊಬ್ಬರ ರೆಸ್ಯೂಮ್ ಅನ್ನು ಅವರ ಜೊತೆ ಕುಳಿತು ತಿದ್ದಿದ್ದೆ. ಅವರ ಒಪ್ಪಿಗೆ ಪಡೆದು ಅದನ್ನೇ ವಿವರಿಸುತ್ತೇನೆ. ಮೂಲ ಇಂಗ್ಲಿಷಿನಲ್ಲಿತ್ತು, ಇಲ್ಲಿ ಸಾಲುಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ.

ಅವರು ಬಯಸಿದ್ದು ಎಲ್2 ಅಪ್ಲಿಕೇಶನ್ ಸಪೋರ್ಟ್ ಹುದ್ದೆ. ಪೋಸ್ಟಿಂಗ್‌ನಲ್ಲಿ ಇನ್ಸಿಡೆಂಟ್ ಮ್ಯಾನೇಜ್‌ಮೆಂಟ್, ರೂಟ್ ಕಾಸ್ ಅನಾಲಿಸಿಸ್, ಲಿನಕ್ಸ್, ಎಸ್‌ಕ್ಯೂಎಲ್, ಎಸ್‌ಎಲ್‌ಎ ಎಂಬ ಪದಗಳು ಮತ್ತೆ ಮತ್ತೆ ಬಂದಿದ್ದವು. ಕುಬರ್ನೆಟೀಸ್ ಮತ್ತು ಶೆಲ್ ಸ್ಕ್ರಿಪ್ಟಿಂಗ್ ಗೊತ್ತಿದ್ದರೆ ಒಳ್ಳೆಯದು ಎಂದಿತ್ತು. ಅವರ ರೆಸ್ಯೂಮ್‌ನಲ್ಲಿದ್ದದ್ದು ಇಷ್ಟು:

"ಗ್ರಾಹಕರ ತೊಂದರೆಗಳನ್ನು ಪರಿಹರಿಸುವ ಹೊಣೆ. ಟಿಕೆಟ್ ನಿರ್ವಹಣೆ. ಡೇಟಾಬೇಸ್ ಪರಿಶೀಲನೆ. ಡೆವಲಪರ್‌ಗಳೊಂದಿಗೆ ಸಮನ್ವಯ."

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ರಿಕ್ರೂಟರ್ ತಮ್ಮ ಸಾಫ್ಟ್‌ವೇರ್‌ನಲ್ಲಿ ಎಸ್‌ಕ್ಯೂಎಲ್ ಎಂದು ಹುಡುಕಿದರೆ ಈ ರೆಸ್ಯೂಮ್ ಸಿಗುವುದು ಕಷ್ಟ, ಏಕೆಂದರೆ "ಡೇಟಾಬೇಸ್ ಪರಿಶೀಲನೆ" ಎಂಬ ಮಾತಿನಲ್ಲಿ ಆ ಪದವೇ ಇಲ್ಲ. ಆದ್ದರಿಂದ ಪೋಸ್ಟಿಂಗ್‌ನ ಒಂದೊಂದು ಪದವನ್ನೂ ಹಿಡಿದು "ಇದನ್ನು ನೀವು ಯಾವ ಟಿಕೆಟ್‌ನಲ್ಲಿ ಮಾಡಿದ್ದೀರಿ?" ಎಂದು ಕೇಳುತ್ತಾ ಹೋದೆ. ಉತ್ತರವಾಗಿ ಒಂದು ಟಿಕೆಟ್ ಸಂಖ್ಯೆ ಸಿಕ್ಕರೆ ಮಾತ್ರ ಆ ಪದಕ್ಕೆ ರೆಸ್ಯೂಮ್‌ನಲ್ಲಿ ಜಾಗ ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದೆವು.

ರೂಟ್ ಕಾಸ್ ಅನಾಲಿಸಿಸ್ ಎಂಬಲ್ಲಿ ಹೆಚ್ಚು ಹೊತ್ತು ನಿಂತೆವು. ರಾತ್ರಿ ಹೊತ್ತು ಪಾವತಿಗಳು ವಿಫಲವಾಗುತ್ತಿದ್ದ ಒಂದು ಪ್ರಕರಣದಲ್ಲಿ ಅವರು ಸರ್ವರ್‌ಗೆ ಲಾಗಿನ್ ಆಗಿ, ದಿನದಿನದ ಲಾಗ್ ಫೈಲ್‌ಗಳ ಮೇಲೆ ಈ ಕಮಾಂಡ್ ಓಡಿಸಿ ಎಣಿಕೆಯನ್ನು ಹೋಲಿಸಿದ್ದರು:

```
grep -c "Connection is not available" app.log
```

ಡೇಟಾಬೇಸ್‌ನ ಕನೆಕ್ಷನ್ ಪೂಲ್ ತುಂಬಿಹೋಗುತ್ತಿದೆ ಎಂದು ಅದರಿಂದ ಗೊತ್ತಾಯಿತು. ಅದೇ ಹೊತ್ತಿನಲ್ಲಿ ಎಷ್ಟು ಪಾವತಿಗಳು ಅರ್ಧಕ್ಕೆ ನಿಂತಿವೆ ಎಂಬುದನ್ನು ಎಸ್‌ಕ್ಯೂಎಲ್ ಕ್ವೆರಿ ಬರೆದು ತೆಗೆದಿದ್ದರು. ಪೂಲ್ ಯಾಕೆ ತುಂಬುತ್ತಿದೆ ಎಂಬುದನ್ನು ಕೋಡ್‌ನಲ್ಲಿ ಪತ್ತೆಹಚ್ಚಿ ಸರಿಪಡಿಸಿದ್ದು ಮಾತ್ರ ಡೆವಲಪರ್‌ಗಳು. ಹೀಗಾಗಿ "ರೂಟ್ ಕಾಸ್ ಅನಾಲಿಸಿಸ್ ಮಾಡಿದೆ" ಎಂದರೆ ಅತಿಯಾಗುತ್ತದೆ, "ಸಮನ್ವಯ" ಎಂದರೆ ಮಾಡಿದ ಕೆಲಸವೇ ಮರೆಯಾಗುತ್ತದೆ.

ಎಸ್‌ಎಲ್‌ಎ ವಿಷಯದಲ್ಲಿ ತಮ್ಮ ಟಿಕೆಟ್‌ಗಳೆಲ್ಲ ಗಡುವಿನೊಳಗೇ ಮುಗಿದಿವೆ ಎಂದು ಅವರು ನೆನಪಿನಿಂದ ಹೇಳಿದರು. ಟಿಕೆಟಿಂಗ್ ಟೂಲ್‌ನಲ್ಲಿ ಮೂರು ತಿಂಗಳ ವರದಿ ತೆಗೆದಾಗ 390 ಟಿಕೆಟ್‌ಗಳಲ್ಲಿ 11 ಗಡುವು ಮೀರಿದ್ದವು, ಅಂದರೆ ಶೇ. 97 ಗಡುವಿನೊಳಗಿದ್ದವು. ಆ ಅಂಕಿಯನ್ನೇ ಹಾಕಿದೆವು. ತಿದ್ದಿದ ಮೇಲೆ ಸಾಲುಗಳು ಹೀಗಾದವು:

"ಲಿನಕ್ಸ್ ಸರ್ವರ್‌ಗಳಲ್ಲಿ ನಡೆಯುವ ಪಾವತಿ ಅಪ್ಲಿಕೇಶನ್‌ಗೆ ಇನ್ಸಿಡೆಂಟ್ ಮ್ಯಾನೇಜ್‌ಮೆಂಟ್, ಮೂರು ತಿಂಗಳಲ್ಲಿ 390 ಟಿಕೆಟ್‌ಗಳನ್ನು ನಿರ್ವಹಿಸಿ, ಶೇ. 97ರಷ್ಟನ್ನು ಎಸ್‌ಎಲ್‌ಎ ಒಳಗೆ ಮುಗಿಸಿದ್ದು."

"ಮರುಕಳಿಸುತ್ತಿದ್ದ ಪಾವತಿ ವೈಫಲ್ಯದಲ್ಲಿ ಲಾಗ್ ವಿಶ್ಲೇಷಣೆ ಹಾಗೂ ಎಸ್‌ಕ್ಯೂಎಲ್ ಕ್ವೆರಿಗಳ ಮೂಲಕ ಕನೆಕ್ಷನ್ ಪೂಲ್ ತುಂಬುತ್ತಿರುವುದನ್ನು ಗುರುತಿಸಿ, ಡೆವಲಪ್‌ಮೆಂಟ್ ತಂಡದ ರೂಟ್ ಕಾಸ್ ಅನಾಲಿಸಿಸ್‌ಗೆ ಪುರಾವೆ ಒದಗಿಸಿದ್ದು."

ರೂಟ್ ಕಾಸ್ ಅನಾಲಿಸಿಸ್, ಎಸ್‌ಎಲ್‌ಎಗಳಂಥ ಪದಗಳ ಪೂರ್ಣ ರೂಪವನ್ನೂ ಸಂಕ್ಷಿಪ್ತ ರೂಪವನ್ನೂ ಒಂದೊಂದು ಸಲ ಬರೆಯಿರಿ. ಹುಡುಕುವವರು ಯಾವುದನ್ನು ಟೈಪ್ ಮಾಡುತ್ತಾರೋ ತಿಳಿಯದು.

ಹುದ್ದೆಯ ಹೆಸರನ್ನು ನಾವು ಮುಟ್ಟಲಿಲ್ಲ. ಅವರ ಆಫರ್ ಲೆಟರ್‌ನಲ್ಲಿ "ಟೆಕ್ನಿಕಲ್ ಅಸೋಸಿಯೇಟ್" ಎಂದಿತ್ತು. ಮುಂದೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ರಿಲೀವಿಂಗ್ ಲೆಟರ್ ಜೊತೆ ಹೋಲಿಸಿ ನೋಡುವುದು ಇದನ್ನೇ. ಆದ್ದರಿಂದ ಹೆಸರನ್ನು ಹಾಗೆಯೇ ಉಳಿಸಿ, ಕೆಳಗಿನ ಸಾಲಿನಲ್ಲಿ "ಕೆಲಸದ ಸ್ವರೂಪ: ಅಪ್ಲಿಕೇಶನ್ ಸಪೋರ್ಟ್" ಎಂದು ಸೇರಿಸಿದೆವು.

ಶೆಲ್ ಸ್ಕ್ರಿಪ್ಟ್ ಅನ್ನು ಅವರು ಬರೆದೇ ಇರಲಿಲ್ಲವಾದ್ದರಿಂದ ಆ ಪದವನ್ನು ಬಿಟ್ಟೆವು. ಕುಬರ್ನೆಟೀಸ್ ಬಗ್ಗೆ ಅವರಿಗೆ ಆಸೆಯಿತ್ತು, ಆದರೆ ಬಳಸಿದ್ದು `kubectl logs` ಒಂದನ್ನೇ. ಸ್ಕಿಲ್ಸ್ ಪಟ್ಟಿಯಲ್ಲಿ ಆ ಹೆಸರು ಹಾಕಿದರೆ, ಪಾಡ್ ಒಂದು `CrashLoopBackOff` ಸ್ಥಿತಿಗೆ ಹೋದಾಗ ಏನೇನು ನೋಡುತ್ತೀರಿ ಎಂದು ಇಂಟರ್‌ವ್ಯೂನಲ್ಲಿ ಕೇಳುವುದು ಸಹಜ. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಕೊನೆಗೆ "ಪಾಡ್‌ಗಳ ಲಾಗ್‌ಗಳನ್ನು `kubectl logs` ಮೂಲಕ ಪರಿಶೀಲಿಸಿದ್ದು" ಎಂದು ಅನುಭವದ ಭಾಗದಲ್ಲಿ ಮಾತ್ರ ಬರೆದೆವು.

ಕಳುಹಿಸುವ ಮೊದಲು ಪಿಡಿಎಫ್‌ನ ಪಠ್ಯವನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಅವರ ಹಳೆಯ ರೆಸ್ಯೂಮ್ ಎರಡು ಕಾಲಂಗಳಲ್ಲಿತ್ತು. ನೋಟ್‌ಪ್ಯಾಡ್‌ನಲ್ಲಿ ಸ್ಕಿಲ್ಸ್ ಮತ್ತು ಅನುಭವದ ಸಾಲುಗಳು ಒಂದರೊಳಗೊಂದು ಸೇರಿಕೊಂಡು ಓದಲು ಬಾರದಂತಾಗಿದ್ದವು. ಒಂದೇ ಕಾಲಂಗೆ ತಂದ ಮೇಲೆ ಸರಿಯಾಯಿತು. ಅರ್ಜಿ ಫಾರ್ಮ್‌ನಲ್ಲಿ ಕೇಳುವ ಅನುಭವದ ವರ್ಷಗಳು ಮತ್ತು ನೋಟಿಸ್ ಅವಧಿಯ ಕಾರಣಕ್ಕೇ ನೀವು ಹೊರಗುಳಿಯುತ್ತಿದ್ದರೆ, ಪದಗಳನ್ನು ಎಷ್ಟು ತಿದ್ದಿದರೂ ಅದು ಬದಲಾಗುವುದಿಲ್ಲ. ಆ ಎರಡು ಉತ್ತರಗಳು ಪೋಸ್ಟಿಂಗ್ ಕೇಳಿದ್ದಕ್ಕೆ ಹೊಂದುತ್ತವೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ.