ಕನ್ನಡ ಸೂಚನೆಗಳಲ್ಲಿ ಇಂಗ್ಲಿಷಿನಲ್ಲೇ ಬಿಡಬೇಕಾದ ಪದಗಳು

ಪ್ರಶ್ನೆ: ಕಲಬುರಗಿಯ ನಮ್ಮ ಕಚೇರಿ ಸಿಬ್ಬಂದಿಗೆ ಕನ್ನಡದಲ್ಲಿ ಕಂಪ್ಯೂಟರ್ ಸೂಚನೆ ಬರೆಯುವಾಗ ಯಾವ ಪದಗಳನ್ನು ಇಂಗ್ಲಿಷಿನಲ್ಲೇ ಬಿಡಬೇಕು?

ಉತ್ತರ: ಓದುವವರು ಪರದೆಯ ಮೇಲೆ ಹುಡುಕಬೇಕಾದ ಹೆಸರುಗಳನ್ನು ಮಾತ್ರ ಅಲ್ಲಿರುವಂತೆಯೇ ಬಿಡಿ, ಮಾಡಬೇಕಾದ ಕೆಲಸವನ್ನೂ ಅದರ ಕಾರಣವನ್ನೂ ಕನ್ನಡದಲ್ಲಿ ಬರೆಯಿರಿ.

ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಕಡತವನ್ನು ರದ್ದುಪಡಿಸುವ ಸೂಚನೆಯನ್ನೇ ನೋಡಿ. ವಿಂಡೋಸ್ 11ರಲ್ಲಿ Settings ತೆರೆದು, Bluetooth & devices ಒಳಗಿನ Printers & scanners ಎಂಬಲ್ಲಿ ತಮ್ಮ ಪ್ರಿಂಟರನ್ನು ಆರಿಸಿ, Open print queue ಎಂಬುದನ್ನು ಒತ್ತಬೇಕು. ಇದನ್ನು ‘ಮುದ್ರಣ ಸರದಿಯನ್ನು ತೆರೆಯಿರಿ’ ಎಂದು ಬರೆದರೆ ಅರ್ಥವೇನೋ ಆಗುತ್ತದೆ, ಆದರೆ ಆ ಹೆಸರು ಪರದೆಯಲ್ಲಿ ಎಲ್ಲಿಯೂ ಇರುವುದಿಲ್ಲ. ‘ಹಂಗಂತ ಇಲ್ಲಿ ಏನೂ ಇಲ್ರಿ’ ಎಂಬ ಕರೆ ಬಂದರೆ ದೋಷ ಇಲ್ಲಿಯೇ ಇದೆಯೆಂದು ತಿಳಿಯಿರಿ. ‘ಕ್ಯೂ’ ಎಂದು ಕನ್ನಡ ಲಿಪಿಯಲ್ಲಿ ಬರೆದರೂ ತೊಡಕು ತಪ್ಪದು, ಏಕೆಂದರೆ ಆ ಉಚ್ಚಾರಣೆಯಿಂದ queue ಎಂಬ ಕಾಗುಣಿತವನ್ನು ಊಹಿಸುವುದು ಕಷ್ಟ.

ವಿಭಕ್ತಿ ಪ್ರತ್ಯಯವನ್ನು ಇಂಗ್ಲಿಷ್ ಹೆಸರಿಗೆ ಅಂಟಿಸದೆ ‘ಎಂಬುದನ್ನು’, ‘ಎಂಬಲ್ಲಿ’ ಎಂದು ಬಿಡಿಸಿ ಬರೆಯುವುದು ನನ್ನ ಒತ್ತಾಯದ ಸಲಹೆ. ಹೆಸರು ಎಲ್ಲಿ ಮುಗಿಯಿತೆಂಬುದು ಆಗ ಸ್ಪಷ್ಟವಾಗಿರುತ್ತದೆ. ಕಿಟಕಿ, ಪಟ್ಟಿ, ಗುಂಡಿ, ಕಡತ ಮುಂತಾದ ಸಾಮಾನ್ಯ ಪದಗಳು ಕನ್ನಡದಲ್ಲೇ ಇರಲಿ. ಸಿಬ್ಬಂದಿಯ ಕಂಪ್ಯೂಟರಿನ ಪ್ರದರ್ಶನ ಭಾಷೆಯೇ ಕನ್ನಡವಾಗಿದ್ದರೆ, ಅಲ್ಲಿ ಕಾಣುವ ಕನ್ನಡ ಹೆಸರನ್ನೇ ಅಕ್ಷರಶಃ ಬಳಸಬೇಕು.